ಅಲ್ಲಿ ಮೋಡ, ಇಲ್ಲಿ ಸರದಿ

*ಮಾನ್ಯ ಸಂಪಾದಕರೆ, ನಾನು ಟಿಕೋಟಾ ಕಡೆಯ ಹಳ್ಳಿಯವ. ‘ತಾಡಪತ್ರಿ’ ಎಂಬ ಹದಿನೈದು ನಿಮಿಷದ ಕಿರುಚಿತ್ರದ ಚಿತ್ರಕಥೆ ಕಳಿಸಿದ್ದೇನೆ. ಒಣದ್ರಾಕ್ಷಿ ಶೆಡ್ಡಿನಲ್ಲಿ ತಾಯಿ ಗಂಗವ್ವ, ಮಳೆ ಬರುವ ಹೊತ್ತು. ವಿಜಯಪುರದ ಸೊಸೈಟಿಯಲ್ಲಿ ಮಗ ಬಸು, ಅಡವಿಟ್ಟ ಬಂಗಾರದ ಬಿಲ್ವಾರ ಬಳೆ ಬಿಡಿಸಲು ಇವತ್ತೇ ಕಡೇ ದಿನ. ಎರಡನ್ನೂ ಒಂದಾದ ಮೇಲೊಂದರಂತೆ ತೋರಿಸುತ್ತ ಹೋಗಿದ್ದೇನೆ. ಓದಿದ ಗೆಳೆಯರು ‘ಛಲೋ ಐತಿ, ಆದ್ರ ನಡುವ ಬ್ಯಾಸರಾಗತೈತಿ’ ಅನ್ನುತ್ತಾರೆ. ಎಲ್ಲಿ ತಪ್ಪಿದೆ, ಮುಚ್ಚುಮರೆ ಇಲ್ಲದೆ ತಿಳಿಸಿ.*

ನಿಮ್ಮ ಗೆಳೆಯರ ಮಾತು ಸರಿಯಾಗಿದೆ. ಬೇಸರ ಶುರುವಾಗುವುದು ಐದನೇ ದೃಶ್ಯದಲ್ಲಿ. ಮೂರರಲ್ಲಿ ಮೋಡ, ನಾಲ್ಕರಲ್ಲಿ ಸರದಿ, ಐದರಲ್ಲಿ ಇನ್ನಷ್ಟು ಮೋಡ, ಆರರಲ್ಲಿ ಇನ್ನಷ್ಟು ಸರದಿ. ಮೋಡ ದಟ್ಟವಾಗುತ್ತದೆ, ಸರದಿ ಮುಂದೆ ಸರಿಯುತ್ತದೆ, ಆದರೆ ಒಂದರಿಂದ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಸೊಸೈಟಿಯ ಹಾಳೆಗಳನ್ನಷ್ಟೇ ಬೇರೆ ತೆಗೆದು ಓದಿ ನೋಡಿದೆ, ಕಥೆ ಪೂರ್ತಿ ತಿಳಿಯಿತು. ಶೆಡ್ಡಿನ ಹಾಳೆಗಳನ್ನೂ ಹಾಗೇ ಓದಿದೆ, ಅದೂ ತಿಳಿಯಿತು. ಇವು ಎರಡು ಬೇರೆ ಬೇರೆ ಚಿತ್ರಗಳು. ಒಂದೇ ದಿನ ನಡೆಯುತ್ತವೆ ಅನ್ನುವುದೊಂದೇ ಅವುಗಳ ನಂಟು. ಸರಿಯಾಗಿ ಹೆಣೆದಿದ್ದರೆ ಒಂದನ್ನು ಎತ್ತಿದಾಗ ಇನ್ನೊಂದರಲ್ಲಿ ತೂತು ಬೀಳಬೇಕಿತ್ತು. ಒಂದೇ ಗಾಲಿಯ ಹಗ್ಗಕ್ಕೆ ಕಟ್ಟಿದ ಎರಡು ಕೊಡಗಳ ಹಾಗೆ, ಒಂದು ಕೆಳಗಿಳಿದರೆ ಇನ್ನೊಂದು ಅಲುಗಲೇಬೇಕು.

ಆ ಹಗ್ಗವನ್ನು ಹೊರಗಿನಿಂದ ತರಬೇಕಿಲ್ಲ, ನಿಮ್ಮ ಹಾಳೆಗಳಲ್ಲೇ ಇದೆ. ಬಸು ಸೊಸೈಟಿಗೆ ಕಟ್ಟುವ ಹಣ ಎಲ್ಲಿಯದು? ‘ಕೂಡಿಟ್ಟದ್ದು’ ಎಂದು ಬರೆದಿದ್ದೀರಿ. ಅದನ್ನು ವ್ಯಾಪಾರಿ ಈ ಮಾಲಿನ ಮೇಲೆ ಕೊಟ್ಟ ಮುಂಗಡ ಮಾಡಿ. ಮೊದಲ ದೃಶ್ಯದಲ್ಲೇ ವ್ಯಾಪಾರಿ ರ‍್ಯಾಕಿನಿಂದ ಒಂದು ಮುಷ್ಟಿ ದ್ರಾಕ್ಷಿ ಎತ್ತಿ ಬೆಳಕಿಗೆ ಹಿಡಿಯಲಿ, ‘ಬಣ್ಣ ಹಿಂಗ ಇರಬೇಕ ನೋಡ್ರಿ, ಕರಿ ಆದ್ರ ನನ್ನ ರೊಕ್ಕ ನನಗ’ ಅಂದು ನೋಟು ಎಣಿಸಲಿ. ಅಲ್ಲಿಂದಾಚೆ ಬಸು ಕೌಂಟರಿನಲ್ಲಿ ಕಟ್ಟುವ ಪ್ರತಿ ನೋಟೂ ಶೆಡ್ಡಿನಲ್ಲಿರುವ ಮಾಲಿನ ಬಣ್ಣವನ್ನು ಒತ್ತೆ ಇಟ್ಟಂತೆ. ಮಾಲು ಕೆಟ್ಟರೆ ಮುಂಗಡ ಮರಳಿಸಬೇಕು, ಮರಳಿಸಲು ಕೈಯಲ್ಲಿ ಹಣ ಇರುವುದಿಲ್ಲ. ಈಗ ನಗರದಲ್ಲಿ ಬಸು ಗೆದ್ದಷ್ಟೂ ಹಳ್ಳಿಯಲ್ಲಿ ಸೋಲು ದುಬಾರಿಯಾಗುತ್ತದೆ.

ಅಲ್ಲಿಂದ ಇಲ್ಲಿಗೆ ಬರುವ ಎಳೆಯೂ ಬೇಕು. ನಿಮ್ಮ ಚಿತ್ರದ ಹೆಸರು ತಾಡಪತ್ರಿ, ಆದರೆ ತಾಡಪತ್ರಿಗಳು ಶೆಡ್ಡಿನ ಮೂಲೆಯಲ್ಲೇ ಮಡಿಚಿಟ್ಟಿವೆ, ಕೊನೆಯಲ್ಲಿ ಗಂಗವ್ವ ತೆಗೆದು ಹೊದಿಸುತ್ತಾಳೆ. ಹಾಗಿದ್ದ ಮೇಲೆ ಮಗನಿಗಾಗಿ ಯಾಕೆ ಕಾಯಬೇಕು? ಹರಿದ ತಾಡಪತ್ರಿಗಳನ್ನು ಹೊಲಿಸಲು ಬಸು ಬೆಳಿಗ್ಗೆ ಪಿಕಪ್‌ನಲ್ಲಿ ಹಾಕಿಕೊಂಡು ಹೋಗಲಿ. ಮಾರ್ಚಿಯಲ್ಲಿ ಎಲ್ಲರೂ ಮಾಡುವ ಕೆಲಸವೇ ಅದು. ಶೆಡ್ಡಿನಲ್ಲಿ ಹಳೆಯದೊಂದು ಉಳಿಯಲಿ, ಒಂದೇ ಮಗ್ಗುಲಿಗೆ ಸಾಲುವಷ್ಟು. ನಿಮ್ಮೂರ ಕಡೆಯ ಓದುಗರಿಗೆ ಹೇಳಬೇಕಿಲ್ಲ, ಬೇರೆ ಕಡೆಯವರಿಗೆ ತಿಳಿಯುವಂತೆ ಒಂದು ಶಾಟ್ ಇಡಿ: ಮೇಲೆ ಹೊದಿಕೆ ಇದೆ, ನಾಲ್ಕೂ ಮಗ್ಗುಲು ಗಾಳಿಗಾಗಿ ತೆರೆದಿವೆ, ಬಲೆಯ ಮೇಲೆ ಬಲೆಯಾಗಿ ಅಟ್ಟಣಿಗೆಗಳಲ್ಲಿ ದ್ರಾಕ್ಷಿ ಹರಡಿದೆ. ನೇರ ಮಳೆಗಿಂತ ಗಾಳಿಮಳೆಗೆ ಭಯ, ಇರಿಚಲು ಅಂಚಿನಿಂದ ಒಳಗೆ ಬರುತ್ತದೆ. ಎರಡು ವಾರ ಒಣಗಬೇಕಾದ ಮಾಲು ಹತ್ತನೇ ದಿನಕ್ಕೆ ನೆನೆದರೆ ಹಸಿರು ಹೋಗಿ ಕಂದಾಗಿ ಕಪ್ಪಾಗುತ್ತದೆ. ಇಷ್ಟು ಗೊತ್ತಾದ ಪ್ರೇಕ್ಷಕ ಸೊಸೈಟಿಯ ಹೊರಗೆ ನಿಂತ ಪಿಕಪ್ ಕಂಡಾಗಲೆಲ್ಲ ಚಡಪಡಿಸುತ್ತಾನೆ. ಆ ಗಾಡಿಯನ್ನು ಹತ್ತು ಸಲ ತೋರಿಸಬೇಡಿ. ಕಿಟಕಿಯಿಂದ ಎರಡು ಸಲ ಕಂಡರೆ ಸಾಕು.

ಇನ್ನು ಫೋನು. ಗಂಗವ್ವ ನಾಲ್ಕು ಸಲ ಫೋನು ಮಾಡುತ್ತಾಳೆ, ನಾಲ್ಕು ಸಲವೂ ‘ಮಳಿ ಬರಾಕತ್ತೈತಿ, ಲಗೂನ ಬಾ’. ಎರಡನೇ ಕರೆಯಲ್ಲಿ ಮೊದಲನೆಯದರಲ್ಲಿ ಇಲ್ಲದ್ದು ಏನೂ ಇಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಅವಳಿಗೆ ಗೊತ್ತಿದ್ದದ್ದೆಲ್ಲ ಅವನಿಗೂ ಗೊತ್ತಾದರೆ ಪ್ರೇಕ್ಷಕನಿಗೆ ಹೆಚ್ಚಿನದೇನೂ ಉಳಿಯುವುದಿಲ್ಲ. ಎರಡು ಕಡೆ ಕತ್ತರಿಸಿ ತೋರಿಸುವುದರ ಬಲವೇ ಅದು: ಎರಡೂ ಕಡೆ ಕಾಣುವವನು ಪ್ರೇಕ್ಷಕ ಒಬ್ಬನೇ. 1909ರಲ್ಲೇ ಡಿ.ಡಬ್ಲ್ಯೂ. ಗ್ರಿಫಿತ್ ‘ದಿ ಲೋನ್ಲಿ ವಿಲ್ಲಾ’ ಎಂಬ ಮೂಕಿಚಿತ್ರದಲ್ಲಿ ಗಂಡ-ಹೆಂಡತಿ ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ಕಳ್ಳರ ಕೈಯಿಂದ ತಂತಿ ಕಡಿಸಿದ. ಈಗ ‘ಚಾರ್ಜ್ ಇಲ್ಲ’, ‘ರೇಂಜ್ ಇಲ್ಲ’ ಎಂದು ಅದನ್ನೇ ಮಾಡುವವರನ್ನು ವಾರಕ್ಕೊಬ್ಬರಂತೆ ಓದಿ ನನಗೆ ಸಾಕಾಗಿದೆ. ನೀವು ಆ ದಾರಿ ಹಿಡಿಯಬೇಡಿ. ನಿಮ್ಮ ಗಂಗವ್ವನಲ್ಲಿ ಅದಕ್ಕಿಂತ ಒಳ್ಳೆಯ ಕಾರಣವಿದೆ: ಅವಳೇ ಫೋನು ಮಾಡುವುದಿಲ್ಲ. ಕರೆದರೆ ಮಗ ಬಿಲ್ವಾರ ಬಿಟ್ಟು ಓಡಿಬರುತ್ತಾನೆ, ನಾಳೆ ಹರಾಜು. ಆಕಾಶ ನೋಡಿ ಅವನೇ ಫೋನು ಮಾಡಲಿ. ಅವಳು ಸೆರಗು ಹಾರದಂತೆ ಹಿಡಿದುಕೊಂಡು, ‘ಇಲ್ಲಿ ಛಲೋ ಬಿಸಲ ಐತಿ, ನೀ ಅವಸರ ಮಾಡಬ್ಯಾಡ’ ಅನ್ನಲಿ. ಇಡೀ ಚಿತ್ರದಲ್ಲಿ ಒಂದೇ ಕರೆ, ಅದೂ ಸುಳ್ಳು.

ಆ ಸುಳ್ಳಿನಿಂದ ಮುಂದಿನ ದೃಶ್ಯಗಳು ಹೇಗೆ ಬದಲಾಗುತ್ತವೆ ನೋಡಿ. ಬಸು ನಿರಾಳವಾಗುತ್ತಾನೆ. ಅಸಲು-ಬಡ್ಡಿ ಲೆಕ್ಕ ಆಗಿದೆ, ಕಟ್ಟುವುದೋ ಬಿಡುವುದೋ ಎಂದು ಅಳುಕುತ್ತಿದ್ದವನು ಈಗ ಹಣ ಮುಂದೆ ಸರಿಸುತ್ತಾನೆ. ಕ್ಯಾಶಿಯರ್ ನೋಟು ಎಣಿಸಲು ಶುರು ಮಾಡಿದ ಕ್ಷಣಕ್ಕೆ ಕತ್ತರಿಸಿ. ಎಣಿಸಿ ಮುಗಿದ ಮೇಲೆ ಬೇಡ. ಶೆಡ್ಡಿನಲ್ಲಿ ಗಾಳಿ ತಿರುಗಿದೆ, ಗಂಗವ್ವ ಇರುವ ಒಂದು ತಾಡಪತ್ರಿಯನ್ನು ಯಾವ ಮಗ್ಗುಲಿಗೆ ಕಟ್ಟುವುದೆಂದು ನಿಂತಿದ್ದಾಳೆ. ಅವಳು ತೀರ್ಮಾನಿಸುವ ಮೊದಲೇ ಮತ್ತೆ ಕತ್ತರಿಸಿ. ಕೌಂಟರಿನ ಡ್ರಾ ಮುಚ್ಚುತ್ತದೆ, ರಸೀದಿ ಮುದ್ರಿಸಬೇಕು, ಕರೆಂಟು ಹೋಗುತ್ತದೆ. ಫ್ಯಾನು ನಿಧಾನವಾಗಿ ನಿಲ್ಲುತ್ತದೆ. ಇದನ್ನು ಆಕಸ್ಮಿಕ ಎಂದು ಯಾರೂ ಆಕ್ಷೇಪಿಸಲಾರರು, ಮಳೆಗಾಳಿ ಎದ್ದರೆ ನಮ್ಮಲ್ಲಿ ಕರೆಂಟು ಹೋಗಿಯೇ ಹೋಗುತ್ತದೆ. ಶೆಡ್ಡಿನ ಗಾಳಿ ಈಗ ಸೊಸೈಟಿಯ ಒಳಗೆ ಬಂತು. ಹಣ ಹೋಯಿತು, ಬಂಗಾರ ಕೈಗೆ ಬಂದಿಲ್ಲ, ಅಮ್ಮ ಹೇಳಿದ್ದು ಸುಳ್ಳು ಅಂತ ಬಸುವಿಗೆ ಫ್ಯಾನು ನಿಂತಾಗ ಹೊಳೆಯುತ್ತದೆ. ಕಾಯುವುದೋ ಹೊರಡುವುದೋ?

ನಿಮ್ಮ ಹಾಳೆಗಳಲ್ಲಿ ಪ್ರತಿ ದೃಶ್ಯವೂ ಉತ್ತರ ಸಿಕ್ಕ ಮೇಲೆ ಮುಗಿಯುತ್ತದೆ. ಹೀಗೆ ಮುಗಿದ ದೃಶ್ಯದಿಂದ ಆಚೆ ಹೋದರೆ ಪ್ರೇಕ್ಷಕ ಹಿಂದೆ ಏನನ್ನೂ ಬಿಟ್ಟು ಬರುವುದಿಲ್ಲ, ಹೊಸ ದೃಶ್ಯವನ್ನು ಸೊನ್ನೆಯಿಂದ ಶುರು ಮಾಡುತ್ತಾನೆ. ಪ್ರಶ್ನೆ ತೆರೆದಿದ್ದಾಗ ಹೊರಡಿ. ಆದರೆ ಇದರಲ್ಲೂ ಒಂದು ಎಚ್ಚರಿಕೆ ಬೇಕು. ಪ್ರತಿ ಸಲ ತುತ್ತತುದಿಯಲ್ಲಿ ಕತ್ತರಿಸಿದರೆ ನಾಲ್ಕನೇ ಸಲಕ್ಕೆ ಪ್ರೇಕ್ಷಕನಿಗೆ ಉಪಾಯ ಗೊತ್ತಾಗಿ ಸಿಟ್ಟು ಬರುತ್ತದೆ. ಅದಕ್ಕೇ ಒಂದು ಕಡೆ ಪೂರ್ತಿ ನಿಲ್ಲಿ. ಒಂದು ಹಾಳೆಗೆ ಸುಮಾರು ಒಂದು ನಿಮಿಷ ಎಂಬ ಲೆಕ್ಕದಲ್ಲಿ ಮೊದಲ ಎರಡು ದೃಶ್ಯಗಳಿಗೆ ಒಂದೂವರೆ ಹಾಳೆಯಂತೆ ಕೊಡಿ, ಜನ ಪರಿಚಯವಾಗಲಿ. ಆಮೇಲೆ ಮುಕ್ಕಾಲು, ಅರ್ಧ, ಕಾಲು ಎಂದು ಇಳಿಸುತ್ತ ಬನ್ನಿ. ಕರೆಂಟು ಹೋದ ಮೇಲೆ ಮಾತ್ರ ಕತ್ತರಿಸದೆ ಬಸುವಿನ ಮುಖದ ಮೇಲೆ ಒಂದು ನಿಮಿಷ ಇರಿ. ಅಷ್ಟು ಹೊತ್ತಿಗೆ ಪ್ರೇಕ್ಷಕನಿಗೆ ಶೆಡ್ಡು ನೋಡಲೇಬೇಕು ಅನ್ನಿಸಿರುತ್ತದೆ. ನೀವು ತೋರಿಸದೇ ಇರುವುದರಿಂದಲೇ ಅಲ್ಲಿ ಮಳೆ ಜೋರಾಗುತ್ತದೆ. ಬೇಕಾದರೆ ಪ್ಲಾಸ್ಟಿಕ್ ಪಟಪಟ ಹೊಡೆಯುವ ಸದ್ದನ್ನು ಸೊಸೈಟಿಯ ಮೌನದ ಮೇಲೆ ಹರಿಬಿಡಿ.

ಗಡಿಯಾರವನ್ನೂ ನೋಡಿಕೊಳ್ಳಿ. ಏಳನೇ ದೃಶ್ಯದಲ್ಲಿ ಸೊಸೈಟಿಯ ಗೋಡೆಯ ಗಡಿಯಾರ ಮೂರೂವರೆ, ಒಂಬತ್ತರಲ್ಲಿ ಐದಕ್ಕೆ ಹದಿನೈದು ನಿಮಿಷವಷ್ಟೇ ಬಾಕಿ. ನಡುವಿನ ಎಂಟನೆಯದರಲ್ಲಿ ಗಂಗವ್ವ ಒಂದು ಹಗ್ಗ ಬಿಗಿಯುವುದರಲ್ಲಿ ದೃಶ್ಯ ಮುಗಿದಿದೆ. ಹಗ್ಗ ಬಿಗಿಯಲು ಒಂದೂಕಾಲು ತಾಸು ಬೇಕೇ? ಒಂದು ಕಡೆಯಿಂದ ಹೊರಟು ಮರಳಿದಾಗ ಅಲ್ಲಿ ಎಷ್ಟು ಹೊತ್ತು ಕಳೆದಿದೆಯೋ ಅಷ್ಟೇ ಹೊತ್ತು ಇಲ್ಲಿಯೂ ಕಳೆದಂತೆ ಅನ್ನಿಸಬೇಕು. ಸ್ವಲ್ಪ ಹಿಗ್ಗಿಸಬಹುದು, ಕುಗ್ಗಿಸಬಹುದು, ಆದರೆ ಗಡಿಯಾರ ತೋರಿಸಿದಿರೋ ಸಿಕ್ಕಿಬಿದ್ದಿರಿ. ಗಡಿಯಾರ ತೆಗೆದುಬಿಡಿ. ಕೌಂಟರಿನ ಮುಂದೆ ಕಡಿಮೆಯಾಗುವ ಜನ, ಶೆಡ್ಡಿನಲ್ಲಿ ಕಡಿಮೆಯಾಗುವ ಬೆಳಕು ಸಾಕು. ಕೊನೆಯಲ್ಲಿ ಬಸು ಮರಳುವ ಅರ್ಧ ತಾಸಿನ ಹಾದಿಯನ್ನೂ ಒಂದೇ ಶಾಟಿನಲ್ಲಿ ಹಾರಿಸಬೇಡಿ, ಅಷ್ಟು ಹೊತ್ತು ಗಂಗವ್ವ ಒಬ್ಬಳೇ ಹೋರಾಡಿದ್ದು ಕಾಣಲಿ.

ಮುಗಿತಾಯದಲ್ಲಿ ಬಿಲ್ವಾರ ಬಂತು, ಮಾಲೂ ಉಳಿಯಿತು, ಮಳೆಯಲ್ಲಿ ತಾಯಿ ಮಗ ಅಪ್ಪಿಕೊಂಡರು. ಇದನ್ನು ನಾನು ಒಪ್ಪುವುದಿಲ್ಲ. ಹದಿಮೂರು ನಿಮಿಷ ‘ಇದನ್ನು ಹಿಡಿದರೆ ಅದು ಹೋಗುತ್ತದೆ’ ಎಂದು ನಂಬಿಸಿ, ಕಡೆಗೆ ಎರಡನ್ನೂ ಕೈಗೆ ಕೊಟ್ಟರೆ ಮೊದಲು ಹೇಳಿದ್ದೆಲ್ಲ ಬೆದರಿಕೆ ಅಷ್ಟೇ ಎಂದಾಗುತ್ತದೆ. ಬಸು ರಸೀದಿಗೆ ಕಾಯದೆ ಹೊರಟನೋ, ಕಾದು ಬಿಲ್ವಾರ ತಂದನೋ, ನೀವು ತೀರ್ಮಾನಿಸಿ. ಹೊರಟರೆ ಹಣ ಕಟ್ಟಿದ್ದಕ್ಕೆ ಕೈಯಲ್ಲಿ ಕಾಗದವಿಲ್ಲ. ಕಾದರೆ ಒಂದು ಮಗ್ಗುಲಿನ ಮಾಲು ಕಪ್ಪಾಗಿದೆ. ಯಾವುದಾದರೂ ಒಂದರ ಬೆಲೆ ತೆರಲೇಬೇಕು, ಅದು ಗಂಗವ್ವ ತಾಡಪತ್ರಿ ಕಟ್ಟಲು ಆರಿಸಿದ ಮಗ್ಗುಲಿನಿಂದಲೂ ಅವಳು ಆಡಿದ ಸುಳ್ಳಿನಿಂದಲೂ ಬಂದಿರಬೇಕು. ಇಬ್ಬರೂ ಒಂದೇ ಚೌಕಟ್ಟಿಗೆ ಬಂದ ಮೇಲೆ ಎರಡು ಎಳೆ ಮುಗಿದವು, ಆಮೇಲೆ ಅರ್ಧ ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ. ಹಿನ್ನೆಲೆಯ ಹಾಡೂ ಬೇಡ.

ತಿದ್ದುವಾಗ ದೃಶ್ಯಕ್ಕೊಂದು ಚೀಟಿ ಮಾಡಿ. ಮುಂಬದಿಗೆ ಏನಾಯಿತೆಂದು ಬರೆಯಿರಿ, ಹಿಂಬದಿಗೆ ‘ಇದರಿಂದ ಆ ಕಡೆ ಏನು ದುಬಾರಿಯಾಯಿತು’ ಎಂದು. ಹಿಂಬದಿ ಖಾಲಿ ಉಳಿದ ಚೀಟಿಯ ದೃಶ್ಯವನ್ನು ತೆಗೆಯಿರಿ. ನಿಮ್ಮ ಈಗಿನ ಪ್ರತಿಯಲ್ಲಿ ಚಹಾ ಅಂಗಡಿಯ ದೃಶ್ಯ, ಸೊಸೈಟಿಯ ಜವಾನನ ತಮಾಷೆ ಎರಡೂ ಹೀಗೆ ಹೋಗುತ್ತವೆ. ಜವಾನನ ಮಾತು ನನಗೆ ನಗು ತರಿಸಿತು ನಿಜ, ಆದರೂ ತೆಗೆಯಿರಿ.

ಚಿತ್ರೀಕರಣದ ಬಗ್ಗೆ ಒಂದು ಮಾತು. ಶೆಡ್ಡು ತುಂಬಿರುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಮೂರನೇ ದಿನದ ಮಾಲಿಗೂ ಹತ್ತನೇ ದಿನದ ಮಾಲಿಗೂ ಬಣ್ಣ, ಗಾತ್ರ ಎರಡೂ ಬೇರೆ. ಚಿತ್ರದ ಕಥೆ ಒಂದೇ ಮಧ್ಯಾಹ್ನದ್ದು, ಹಾಗಾಗಿ ಶೆಡ್ಡಿನ ಎಲ್ಲ ದೃಶ್ಯಗಳನ್ನೂ ಎರಡು ದಿನದೊಳಗೆ ಮುಗಿಸಿ, ಸೊಸೈಟಿಯದನ್ನು ಆಮೇಲೆ ಯಾವಾಗ ಬೇಕಾದರೂ ಮಾಡಬಹುದು. ನೆನೆಸಲು ಮಾತ್ರ ಯಾರದೋ ಒಳ್ಳೆಯ ಮಾಲು ಕೇಳಬೇಡಿ. ಬಣ್ಣಗೆಟ್ಟು ಬೇರ್ಪಡಿಸಿದ ಮಾಲು ಪ್ರತಿ ಶೆಡ್ಡಿನಲ್ಲೂ ಒಂದಿಷ್ಟು ಇರುತ್ತದೆ, ಅಂಚಿನ ರ‍್ಯಾಕಿನಲ್ಲಿ ಅದನ್ನು ಹರಡಿ ನೀರು ಹೊಡೆಯಿರಿ. ತಿದ್ದಿದ ಪ್ರತಿಯನ್ನು ಡಿಸೆಂಬರ್ ಒಳಗೆ ಕಳಿಸಿದರೆ ಓದಿ ಹೇಳುತ್ತೇನೆ.