ಹೊಸ ಬೈಕಿಗೆ ಮೊದಲ ಆಯಿಲ್ ಚೇಂಜ್ ಯಾವಾಗ?

ಹೊಸ ಬೈಕ್ ತಗೊಂಡಿದೀನಿ, ದಿನಾ ಹುಬ್ಬಳ್ಳಿ–ಗದಗ ಓಡಾಟ. ರನ್ನಿಂಗ್-ಇನ್ ಆಯಿಲ್ ಅಂತ ಬೇರೆ ಹಾಕಿಸಬೇಕಾ? ಮೊದಲ ಸಲ ಯಾವಾಗ ಬದಲಿಸಬೇಕು?

ಬೇರೆ ಆಯಿಲ್ ಬೇಡ. ಕಂಪನಿಯವರು ತುಂಬಿ ಕಳಿಸಿದ್ದೇ ಸಾಕು, ಆದರೆ ಅದನ್ನು ಮೊದಲ ಸರ್ವಿಸ್‌ನಲ್ಲಿ ತಪ್ಪದೆ ತೆಗೆಸಿ. ಹೆಚ್ಚಿನ ಬೈಕ್‌ಗಳಿಗೆ ಅದು 500ರಿಂದ 1000 ಕಿ.ಮೀ. ಒಳಗೆ ಬರುತ್ತೆ. ನಿಮ್ಮ ಬೈಕಿನ ಲೆಕ್ಕ ಮ್ಯಾನ್ಯುಯಲ್‌ನಲ್ಲಿದೆ. ದಿನಾ ಹೋಗಿ ಬಂದರೆ ಸುಮಾರು 120 ಕಿ.ಮೀ. ಆಗುತ್ತಲ್ವಾ, ಹಾಗಾಗಿ ವಾರದಲ್ಲೇ ಸರ್ವಿಸ್ ಹತ್ತಿರ ಬರುತ್ತೆ. ಸುಮ್ನೆ ತಿಂಗಳು ಕಾಯಬೇಡಿ.

ಹೊಸ ಪಿಸ್ಟನ್ ರಿಂಗ್, ಗೇರ್‌ಗಳು ಉಜ್ಜಿ ಉಜ್ಜಿ ಹೊಂದಿಕೊಳ್ಳುವಾಗ ಲೋಹದ ಪುಡಿ ಉದುರಿ ಆಯಿಲ್‌ಗೆ ಸೇರುತ್ತೆ. ತೆಗೆದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ, ಬೆಳ್ಳಿ ಪುಡಿಯ ಹಾಗೆ ಮಿನುಗುತ್ತೆ. ಅದು ಸಹಜ. ಬೆರಳಿಗೆ ತಗಲುವಂಥ ಚೂರು ಸಿಕ್ಕರೆ ಮಾತ್ರ ಬೈಕ್ ಓಡಿಸದೆ ಅಲ್ಲೇ ಮೆಕ್ಯಾನಿಕ್‌ಗೆ ತೋರಿಸಿ.