ಲೋಕಲ್ ಟ್ರೇನಿನ ಭಯ ಹೋಗಿತ್ತು, ಟೆನ್ಷನ್ ಇದ್ದ ದಿನ ಮತ್ತೆ ಯಾಕೆ ಬರುತ್ತೆ?

ಪ್ರಶ್ನೆ: ಎಂಟು ತಿಂಗಳ ಹಿಂದೆ ಲೋಕಲ್‌ನಿಂದ ಬೀಳೋದರಲ್ಲಿದ್ದೆ. ಈಗ ಭಾನುವಾರ ಆರಾಮಾಗಿ ಹೋಗಿ ಬರ್ತೀನಿ. ಆದ್ರೆ ಆಫೀಸಿನ ಟೆನ್ಷನ್ ಇದ್ದ ದಿನ ಪ್ಲಾಟ್‌ಫಾರ್ಮ್ ಮೇಲೆ ನಿಂತ್ರೇ ಎದೆ ಹೊಡ್ಕೊಳ್ಳುತ್ತೆ. ಹೋದ ಭಯ ವಾಪಸ್ ಯಾಕೆ ಬರುತ್ತೆ?

ಉತ್ತರ:

ಭಯ ಹೋಗಿರಲಿಲ್ಲ, ಅದರ ಮೇಲೆ ಬ್ರೇಕ್ ಬಿದ್ದಿತ್ತು ಅಷ್ಟೆ. ಟೆನ್ಷನ್ ಇದ್ದ ದಿನ ಆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿರುವವನು, ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುತ್ತೇನೆ. ನಿಮ್ಮಂಥದ್ದೇ ಕಥೆ ನನ್ನದೂ ಇದೆ. ಒಂದು ಮಳೆಗಾಲದ ಸಂಜೆ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಹತ್ತುವಾಗ ಹಿಂದಿನಿಂದ ತಳ್ಳಿದರು. ಒದ್ದೆ ಫುಟ್‌ಬೋರ್ಡ್ ಮೇಲೆ ಕಾಲು ಜಾರಿತು. ಕೈಗೆ ಸಿಕ್ಕಿದ್ದು ಬಾಗಿಲ ನಡುವಿನ ಕಂಬಿ ಮಾತ್ರ. ಯಾರೋ ಒಬ್ಬರು ಬ್ಯಾಗಿನ ಪಟ್ಟಿ ಹಿಡಿದು ಒಳಗೆಳೆದರು, ಅವರ ಮುಖ ಕೂಡ ನೋಡಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಒದ್ದೆ ಕಬ್ಬಿಣದ ವಾಸನೆ ಬಂದರೆ ಸಾಕು, ಅಂಗೈ ಬೆವರುತ್ತಿತ್ತು.

ಆ ಬೆವರನ್ನು ತರಿಸುವುದು ಅಮಿಗ್ಡಲ. ಕಿವಿಯ ಮಟ್ಟದಲ್ಲಿ, ಮಿದುಳಿನ ಒಳಗೆ, ಎರಡೂ ಕಡೆ ಒಂದೊಂದು ಬಾದಾಮಿಯಷ್ಟು ಗಾತ್ರದ ಗಂಟು. ಕಣ್ಣು, ಕಿವಿ, ಮೂಗಿನ ಸುದ್ದಿ ಅದರದೇ ಹೊರಬದಿಯ ಭಾಗಕ್ಕೆ ಬಂದು ಸೇರುತ್ತದೆ. 'ಈ ವಾಸನೆ, ಆ ಜಾರುವಿಕೆ' ಎಂಬ ಜೋಡಿ ಅಲ್ಲೇ ಗಟ್ಟಿಯಾಗುತ್ತದೆ. ಮುಂದಿನ ಸಲ ವಾಸನೆ ಒಂದೇ ಬಂದರೂ ಅಮಿಗ್ಡಲದ ನಡುಭಾಗದಿಂದ ಹೈಪೊಥಲಾಮಸ್‌ಗೆ, ಮಿದುಳು ಕಾಂಡಕ್ಕೆ ಆದೇಶ ಹೋಗುತ್ತದೆ. ಎದೆ ಬಡಿತ ಏರುತ್ತದೆ, ಕಾಲು ಕಿತ್ತಿಡಲಾಗುವುದಿಲ್ಲ. 'ಅಯ್ಯೋ ಹೆದರಿಕೆ ಆಗ್ತಿದೆ' ಅಂತ ನಾವು ಅಂದುಕೊಳ್ಳುವುದು ಬೇರೆ ಭಾಗಗಳೂ ಕೂಡಿ ಮಾಡುವ ಕೆಲಸ. ಹಾಗಾಗಿ ಅಮಿಗ್ಡಲವನ್ನು 'ಭಯದ ಕೇಂದ್ರ' ಎಂದು ಕರೆಯುವುದು ನನಗೆ ಇಷ್ಟವಿಲ್ಲ. ಅದು ಅಪಾಯದ ಗಂಟೆ ಹೊಡೆಯುವವನು.

ಆ ಗಂಟೆಯನ್ನು ತಡೆಯುವುದು ಪ್ರಿಫ್ರಂಟಲ್ ಕಾರ್ಟೆಕ್ಸ್, ಅಂದರೆ ಹಣೆಯ ಹಿಂದಿನ ಭಾಗ. ಅದರ ನಡುವಿನ ಕೆಳತುದಿಯಿಂದ ಅಮಿಗ್ಡಲಕ್ಕೆ ನರಗಳು ಇಳಿಯುತ್ತವೆ. ಅಲ್ಲಿ ಕಾವಲಿಗಿರುವ ತಡೆಯೊಡ್ಡುವ ಕೋಶಗಳನ್ನು ಅವು ಎಬ್ಬಿಸುತ್ತವೆ. ಆಗ ಅಮಿಗ್ಡಲದ ನಡುಭಾಗದಿಂದ ಹೊರಗೆ ಹೋಗಬೇಕಿದ್ದ ಆದೇಶ ಬಾಯಿ ಮುಚ್ಚಿಕೊಳ್ಳುತ್ತದೆ.

ಇಲ್ಲೊಂದು ಪ್ರಯೋಗ ಹೇಳಲೇಬೇಕು. 2002ರಲ್ಲಿ ಮಿಲಾದ್ ಮತ್ತು ಕ್ವರ್ಕ್ ಎಂಬಿಬ್ಬರು ಇಲಿಗಳಿಗೆ ಒಂದು ಶಬ್ದ ಕೇಳಿಸಿ ಕಾಲಿಗೆ ಸಣ್ಣ ಶಾಕ್ ಕೊಟ್ಟರು. ಇಲಿಗಳು ಶಬ್ದ ಕೇಳಿದರೇ ಕಲ್ಲಿನ ಹಾಗೆ ನಿಲ್ಲತೊಡಗಿದವು. ಆಮೇಲೆ ಶಾಕ್ ಇಲ್ಲದೆ ಬರೀ ಶಬ್ದ ಕೇಳಿಸುತ್ತ ಹೋದರು, ಹೆದರಿಕೆ ಇಳಿಯಿತು. ಇಷ್ಟು ಹೊತ್ತೂ ಪ್ರಿಫ್ರಂಟಲ್‌ನ ಆ ಕೆಳಭಾಗದ ಕೋಶಗಳು ಆ ಶಬ್ದಕ್ಕೆ ಸುಮ್ಮನೇ ಇದ್ದವು. ಮರುದಿನ ಅದೇ ಶಬ್ದ ಕೇಳಿಸಿದಾಗ ಮಾತ್ರ ಅವು ಮಿಡಿದವು. ಯಾವ ಇಲಿಯಲ್ಲಿ ಜಾಸ್ತಿ ಮಿಡಿದವೋ ಆ ಇಲಿ ಕಡಿಮೆ ಹೆದರಿತು. ಇನ್ನೂ ತಮಾಷೆ ಏನು ಗೊತ್ತಾ? ಹೆದರಿಕೆ ಇಳಿಸುವ ಈ ಪಾಠವೇ ಆಗಿರದ ಇಲಿಗಳಲ್ಲಿ ಶಬ್ದದ ಜೊತೆಗೇ ಆ ಜಾಗಕ್ಕೆ ವಿದ್ಯುತ್ ಕೊಟ್ಟರೆ, ಪಾಠ ಕಲಿತ ಇಲಿಗಳ ಹಾಗೇ ಅವೂ ಕಡಿಮೆ ಹೆದರಿದವು.

ಹೆದರಿಕೆ ಇಳಿಯುವುದು ಹಳೆಯದನ್ನು ಮರೆಯುವುದರಿಂದಲ್ಲ ಅನ್ನುವುದು ಇದರಿಂದ ಹೊಳೆಯುತ್ತದೆ. ಅದು 'ಈಗ ಏನೂ ಆಗಲ್ಲ' ಎಂಬ ಎರಡನೇ ನೆನಪು. ಎರಡೂ ಜೊತೆಜೊತೆಗೇ ಇರುತ್ತವೆ. ಜೊತೆಗೆ ಈ ಎರಡನೇ ನೆನಪಿಗೆ ಜಾಗದ ಹಂಗು ಜಾಸ್ತಿ. ನೀವು ಕಲಿತದ್ದು 'ಟ್ರೇನ್ ಸೇಫ್' ಅಂತಲ್ಲ, 'ಭಾನುವಾರದ ಖಾಲಿ ಟ್ರೇನ್ ಸೇಫ್' ಅಂತ. ಇದು ಯಾವ ಜಾಗ, ಯಾವ ಸಂದರ್ಭ ಎಂದು ಗುರುತಿಸಿ ಹೇಳುವುದರಲ್ಲಿ ಹಿಪೊಕ್ಯಾಂಪಸ್ ಎಂಬ ಇನ್ನೊಂದು ಭಾಗದ ಕೈ ಇದೆ. ಸೋಮವಾರದ ನೂಕುನುಗ್ಗಲು ಅದರ ಲೆಕ್ಕದಲ್ಲಿ ಬೇರೆಯೇ ಊರು.

ಇನ್ನು ಟೆನ್ಷನ್ ವಿಷಯ. ಪ್ರಿಫ್ರಂಟಲ್ ಕಾರ್ಟೆಕ್ಸ್ ತುಂಬ ಸೂಕ್ಷ್ಮ. ನಾರ್‌ಅಡ್ರಿನಲಿನ್, ಡೋಪಮಿನ್ ಎಂಬ ಮಿದುಳಿನ ರಾಸಾಯನಿಕಗಳು ಹದವಾಗಿದ್ದರೆ ಅದು ಚುರುಕಾಗಿರುತ್ತದೆ. ಒತ್ತಡದಲ್ಲಿ ಇವು ಉಕ್ಕಿದಾಗ ಅದರ ಕೋಶಗಳ ಪೊಟ್ಯಾಸಿಯಂ ಬಾಗಿಲುಗಳು ತೆರೆದುಕೊಂಡು, ಪರಸ್ಪರ ಸಂಪರ್ಕ ನಿಮಿಷಗಳಲ್ಲೇ ಸಡಿಲವಾಗುತ್ತದೆ. ಅದೇ ರಾಸಾಯನಿಕಗಳು ಅಮಿಗ್ಡಲವನ್ನು ಮಾತ್ರ ಇನ್ನಷ್ಟು ಹುರಿದುಂಬಿಸುತ್ತವೆ. ಬ್ರೇಕ್ ಸವೆಯುವುದೂ ಆಕ್ಸಿಲರೇಟರ್ ಒತ್ತುವುದೂ ಒಟ್ಟಿಗೇ.

ನ್ಯೂಯಾರ್ಕ್‌ನಲ್ಲಿ 2013ರಲ್ಲಿ ಇದನ್ನು ಮನುಷ್ಯರ ಮೇಲೆ ನೋಡಿದರು. ಹೆದರಿಕೆಯನ್ನು ಬೇರೆ ರೀತಿಯಲ್ಲಿ ಯೋಚಿಸಿ ಇಳಿಸುವುದನ್ನು ಮೊದಲ ದಿನ ಕಲಿಸಿದರು. ಮರುದಿನ ಅರ್ಧ ಜನ ಮಂಜುಗಡ್ಡೆ ನೀರಿನಲ್ಲಿ ಮೂರು ನಿಮಿಷ ಕೈ ಇಟ್ಟರು, ಉಳಿದವರು ಉಗುರುಬೆಚ್ಚಗಿನ ನೀರಿನಲ್ಲಿ. ಬೆಚ್ಚಗಿನ ನೀರಿನವರಿಗೆ ಕಲಿತ ವಿದ್ಯೆ ಕೈ ಹಿಡಿಯಿತು. ಮಂಜಿನವರಿಗೆ ಇಲ್ಲ, ಅವರ ಚರ್ಮದ ಬೆವರು ಇಳಿಯಲೇ ಇಲ್ಲ.

ಒತ್ತಡ ದಿನಗಟ್ಟಲೆ ನಡೆದರೆ ಕಥೆ ಇನ್ನೂ ಬೇರೆ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಸುಮಂತ್ರ ಚಟರ್ಜಿಯವರ ತಂಡ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕಟ್ಟಿಹಾಕಿ ನೋಡಿತು. ಹಿಪೊಕ್ಯಾಂಪಸ್‌ನ ನರಕೋಶಗಳ ಕೊಂಬೆಗಳು ಕುಗ್ಗಿದವು, ಅಮಿಗ್ಡಲದ್ದು ಬೆಳೆದವು. 21 ದಿನ ಬಿಡುವು ಕೊಟ್ಟ ಮೇಲೂ ಅಮಿಗ್ಡಲದ ಬೆಳವಣಿಗೆ ಹಾಗೇ ಇತ್ತು. ಇಲಿಯಲ್ಲಿ ಕಂಡದ್ದೆಲ್ಲ ನಮ್ಮಲ್ಲೂ ಹೀಗೇ ಎನ್ನಲಾಗದು. ಆದರೂ 'ಎರಡು ದಿನ ರಜೆ ಹಾಕು, ಸರಿಹೋಗ್ತೀಯ' ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಇದೆಲ್ಲ ಗೊತ್ತಿದ್ದೂ ನಾನೇ ಸಿಕ್ಕಿಬಿದ್ದೆ. ಎರಡು ವಾರ ಮಧ್ಯಾಹ್ನದ ಖಾಲಿ ಸ್ಲೋ ಟ್ರೇನಲ್ಲಿ ಓಡಾಡಿ ಗೆದ್ದೆ ಅಂದುಕೊಂಡಿದ್ದೆ. ಆಮೇಲೆ ಪೇಪರ್ ತಿದ್ದುವ ವಾರ ಬಂತು, ನಿದ್ದೆ ಇಲ್ಲ. ದಾದರ್‌ನಲ್ಲಿ ಸಂಜೆ ನಾಲ್ಕು ಟ್ರೇನ್ ಬಿಟ್ಟೆ. 'ಅಪಾಯ ಇಲ್ಲ, ಇಲ್ಲ' ಎಂದು ಮನಸ್ಸಿಗೆ ಹೇಳುತ್ತಿದ್ದೆ, ಮಂಜಿನ ನೀರಿನಲ್ಲಿ ಕೈ ಇಟ್ಟವರ ಥರ. ಮನೆಗೆ ಹೋಗಿ ಹೇಳಿದರೆ ನನ್ನ ಹೆಂಡತಿ, 'ಪಾಠ ಮಾಡೋದು ಬೇರೆ, ಲೋಕಲ್ ಹತ್ತೋದು ಬೇರೆ ಅಲ್ವಾ' ಅಂದಳು.

ಆಮೇಲೆ ಮಾಡಿದ್ದು ಹೀಗೆ. ಜಾಗ, ಹೊತ್ತು ಬದಲಿಸುತ್ತ ಹೋದೆ. ಠಾಣೆಯಿಂದ ಮುಲುಂದ್‌ಗೆ ಒಂದೇ ಸ್ಟೇಷನ್, ಆದರೆ ಬೆಳಗಿನ ರಷ್‌ನಲ್ಲೇ, ಬಾಗಿಲಿಂದ ದೂರ, ಒಳಗೆ ನಿಂತು. ಹತ್ತುವ ಮುಂಚೆ 'ಉಸಿರು ಕಟ್ಟಿ ಬೀಳುತ್ತೇನೆ' ಎಂದು ಚೀಟಿಯಲ್ಲಿ ಬರೆದೆ, ಇಳಿದ ಮೇಲೆ ಏನಾಯಿತು ಅಂತ ಪಕ್ಕದಲ್ಲಿ ಬರೆದೆ. ಎದೆ ಬಡಿತ ಇಳಿಯಲೇಬೇಕು ಅಂತೇನಿಲ್ಲ. ನಿರೀಕ್ಷಿಸಿದ್ದು ನಡೆಯಲಿಲ್ಲ ಎಂದು ಮಿದುಳಿಗೆ ಗೊತ್ತಾಗಬೇಕು. ಭಯ ತುದಿಗೇರಿದಾಗ ಟ್ರೇನ್ ಹೊರಡುವ ಮುಂಚೆಯೇ ಠಾಣೆಯಲ್ಲೇ ಇಳಿದುಬಿಟ್ಟರೆ ಕಲಿಯುವುದು ಉಲ್ಟಾ, 'ಇಳಿದಿದ್ದಕ್ಕೇ ಬದುಕಿದೆ' ಅಂತ. ಮಳೆ ಬಂದ ದಿನ, ನಿದ್ದೆಗೆಟ್ಟ ದಿನ ಕೂಡ ಬೇಕಂತಲೇ ಹೋದೆ, ಒಂದೇ ಸ್ಟೇಷನ್ ಆದರೂ. ತೀರಾ ಕೆಟ್ಟ ದಿನ ಮನಸ್ಸಿನ ಜೊತೆ ವಾದ ಮಾಡುವುದು ಬಿಟ್ಟೆ. ಒಂದು ಟ್ರೇನ್ ಬಿಟ್ಟು ಮುಂದಿನದಕ್ಕೆ ಹತ್ತಿದೆ.

ಬಾಗಿಲಲ್ಲಿ ನೇತಾಡುವ ಭಯವನ್ನು ಮಾತ್ರ ಕಳೆದುಕೊಳ್ಳಬೇಡಿ, ಅದು ನಿಜವಾದ ಅಪಾಯ. ಇನ್ನು ನಿದ್ದೆಯಲ್ಲಿ ಆ ಬೀಳಾಟ ಮತ್ತೆ ಮತ್ತೆ ಬಂದು ಎಚ್ಚರವಾಗುತ್ತಿದ್ದರೆ, ಅಥವಾ ಆಫೀಸಿಗೇ ಹೋಗದಿರುವಂತಾಗಿದ್ದರೆ, ನನ್ನ ಚೀಟಿ ವಿದ್ಯೆ ಸಾಲದು, ಸೈಕಿಯಾಟ್ರಿಸ್ಟ್ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ. ನನಗೆ ಜುಲೈನಲ್ಲಿ ಈಗಲೂ ಅಂಗೈ ಸ್ವಲ್ಪ ಬೆವರುತ್ತದೆ. ಒರೆಸಿಕೊಂಡು ಕಂಬಿ ಹಿಡಿಯುತ್ತೇನೆ.