ಹೆಸರು ಮುಚ್ಚಿ ಓದಿದರೂ ವ್ಯಕ್ತಿ ತಿಳಿಯಬೇಕು

ಮಾನ್ಯ ಸಂಪಾದಕರೇ,

ನಮ್ಮ ಸಂಸ್ಥೆಯ ನೌಕರರ ಅಭಿನಂದನಾ ಸಂಜೆಗೆ 12 ಸನ್ಮಾನ ಪತ್ರಗಳನ್ನು ಬರೆಯುವ ಹೊಣೆ ನನಗೆ ಬಂದಿದೆ. ನಿರೂಪಕರು ಅವನ್ನು ವೇದಿಕೆಯಲ್ಲಿ ಒಂದಾದ ಮೇಲೊಂದರಂತೆ ಓದುತ್ತಾರೆ. ಬರೆದು ಮುಗಿಸಿ ಗಟ್ಟಿಯಾಗಿ ಓದಿಕೊಂಡಾಗ ಎಲ್ಲವೂ ಒಂದೇ ಥರ ಕೇಳಿಸಿದವು. ವಿಶೇಷಣಗಳನ್ನು ಬದಲಿಸಿದೆ, ಗಾದೆಗಳನ್ನು ಸೇರಿಸಿದೆ, ಪ್ರಯೋಜನವಾಗಲಿಲ್ಲ. ನನ್ನ ಕರಡುಗಳನ್ನೂ ವಿಭಾಗದ ಮುಖ್ಯಸ್ಥರು ತುಂಬಿಕೊಟ್ಟ ಶಿಫಾರಸು ನಮೂನೆಗಳನ್ನೂ ಲಗತ್ತಿಸಿದ್ದೇನೆ. ದಾಕ್ಷಿಣ್ಯವಿಲ್ಲದೆ ತಿದ್ದಿ.

*

ಕರಡುಗಳನ್ನೂ ನಮೂನೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದೆ. ನಿಮ್ಮ ಭಾಷೆಗೆ ಏನೂ ಆಗಿಲ್ಲ. ಹುರುಳಿದ್ದ ಸಂಗತಿಗಳೆಲ್ಲ ನಮೂನೆಗಳಲ್ಲೇ ಉಳಿದುಬಿಟ್ಟಿವೆ, ಕರಡಿಗೆ ಬಂದಿರುವುದು ಗುಣಗಳ ಪಟ್ಟಿ ಮಾತ್ರ. ಒಳ್ಳೆಯ ಕೆಲಸಗಾರರು 12 ಮಂದಿ ಇದ್ದರೆ 12 ಮಂದಿಗೂ ಶ್ರದ್ಧೆ ಇರುತ್ತದೆ, ತಾಳ್ಮೆ ಇರುತ್ತದೆ, ಪ್ರಾಮಾಣಿಕತೆ ಇರುತ್ತದೆ. ಗುಣದಿಂದ ಅವರನ್ನು ಬೇರ್ಪಡಿಸಲು ಹೊರಟರೆ ಸಾಧ್ಯವೇ ಆಗುವುದಿಲ್ಲ. ಶ್ರದ್ಧೆ ಎಂದು ಬರೆದಲ್ಲಿ ನಿಷ್ಠೆ ಎಂದೋ ಬದ್ಧತೆ ಎಂದೋ ಬದಲಿಸಿದರೆ ಕಾಗದದ ಮೇಲೆ ಪದ ಬದಲಾಗುತ್ತದೆ, ಸಭೆಯ ಕಿವಿಗೆ ಬೀಳುವುದು ಅದೇ ಮಾತು. ಅವರನ್ನು ಬೇರ್ಪಡಿಸುವುದು ಅವರು ಮಾಡಿದ ಕೆಲಸ ಮಾತ್ರ.

ರವಾನೆ ವಿಭಾಗದವರ ಬಗ್ಗೆ ನೀವು ಬರೆದದ್ದು ಹೀಗಿದೆ: ‘ಶ್ರದ್ಧೆ, ಪ್ರಾಮಾಣಿಕತೆ ಮತ್ತು ಅವಿರತ ಪರಿಶ್ರಮಕ್ಕೆ ಹೆಸರಾದ ಇವರು ಹಗಲಿರುಳೆನ್ನದೆ ದುಡಿದು ವಿಭಾಗದ ಕಾರ್ಯಕ್ಷಮತೆಯನ್ನು ಹೆಚ್ಚಿಸಿದ್ದಾರೆ. ಎಲೆಮರೆಯ ಕಾಯಿಯಂತೆ ಸೇವೆ ಸಲ್ಲಿಸುತ್ತಾ ಎಲ್ಲರಿಗೂ ಮಾದರಿಯಾಗಿದ್ದಾರೆ.’ ಇದನ್ನು ವೇತನ ವಿಭಾಗದವರಿಗೆ ಓದಿದರೂ ನಡೆಯುತ್ತದೆ, ಭದ್ರತಾ ಸಿಬ್ಬಂದಿಗೆ ಓದಿದರೂ ನಡೆಯುತ್ತದೆ. ಎಲೆಮರೆಯ ಕಾಯಿ ಇನ್ನೆರಡು ಪತ್ರಗಳಲ್ಲೂ ಇದೆ. ಹಗಲಿರುಳು ದುಡಿದರು ಎಂಬುದನ್ನಂತೂ ಹೊಡೆದುಹಾಕಿ. ಅದು ಎಷ್ಟು ಹೊತ್ತು ಕುಳಿತರು ಎಂದು ಹೇಳುತ್ತದೆ, ಏನು ಮಾಡಿದರು ಎಂದು ಹೇಳುವುದಿಲ್ಲ. ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸಿ ಹೊರಡುವವರು ಏನೋ ಕಡಿಮೆ ಮಾಡಿದವರು ಎಂಬ ಅರ್ಥವನ್ನೂ ಅದು ಸಭೆಗೆ ಕೊಡುತ್ತದೆ.

ಈಗ ಅದೇ ವ್ಯಕ್ತಿಯ ನಮೂನೆಯ ಕೊನೆಯ ಸಾಲನ್ನು ನೋಡಿ. ಮುಖ್ಯಸ್ಥರು ಅವಸರದಲ್ಲಿ ಬರೆದಿದ್ದಾರೆ: ‘ಒಂದೇ ಥರದ ಎರಡು ಬಿಡಿಭಾಗ ಅದಲುಬದಲಾಗಿ ಹೋಗುತ್ತಿದ್ದವು. ಇವರು ಕಪಾಟು ಬದಲಿಸಿ, ಲೇಬಲ್ ಸರಿಪಡಿಸಿದರು. ಈಗ ವಾಪಸ್ ಕಡಿಮೆ.’ ಸನ್ಮಾನ ಪತ್ರ ಇಲ್ಲಿದೆ. ನೀವು ಮಾಡಬೇಕಾಗಿದ್ದದ್ದು ಮುಖ್ಯಸ್ಥರಿಗೂ ಪಕ್ಕದಲ್ಲಿ ಕೆಲಸ ಮಾಡುವ ಒಬ್ಬರಿಗೂ ಫೋನ್ ಮಾಡಿ ಈ ಸಾಲನ್ನು ಬಿಡಿಸಿ ಹೇಳಿಸಿಕೊಳ್ಳುವುದು. ಮೊದಲು ಏನು ಕೆಡುತ್ತಿತ್ತು, ಎಷ್ಟು ಸಲ? ಕಾರಣ ಇದೇ ಎಂದು ಇವರಿಗೆ ಹೇಗೆ ಗೊತ್ತಾಯಿತು? ಮೊದಲು ಕೈಹಾಕಿದ್ದು ಯಾವುದಕ್ಕೆ? ಈಗ ಹೇಗಿದೆ? ಮುಖ್ಯಸ್ಥರಿಗೆ ಸಾಮಾನ್ಯವಾಗಿ ಮೊದಲನೆಯದೂ ಕೊನೆಯದೂ ಗೊತ್ತಿರುತ್ತವೆ. ನಡುವಿನ ಎರಡಕ್ಕೆ ಉತ್ತರ ಸಹೋದ್ಯೋಗಿಯ ಬಳಿ ಇರುತ್ತದೆ, ಪತ್ರಕ್ಕೆ ಜೀವ ಬರುವುದೂ ಆ ಎರಡರಿಂದಲೇ.

ಅಂಥ ಉತ್ತರಗಳು ಸಿಕ್ಕವೆಂದು ಇಟ್ಟುಕೊಂಡು ನಾನು ಬರೆದು ತೋರಿಸುತ್ತೇನೆ. ವಿವರಗಳು ನನ್ನ ಊಹೆ, ಅವುಗಳ ಜಾಗದಲ್ಲಿ ನಿಜವಾದವನ್ನು ಕೇಳಿ ತುಂಬಿಕೊಳ್ಳಿ.

‘ತಪ್ಪು ಬಿಡಿಭಾಗ ಬಂದಿದೆ ಎಂದು ತಿಂಗಳಿಗೆ ಸುಮಾರು ಹತ್ತು ಪೆಟ್ಟಿಗೆಗಳು ಗ್ರಾಹಕರಿಂದ ವಾಪಸ್ ಬರುತ್ತಿದ್ದವು. ವಾಪಸ್ ಬಂದ ಪ್ರತಿಯೊಂದು ಪೆಟ್ಟಿಗೆ ಯಾವ ಕಪಾಟಿನಿಂದ ಹೋಗಿತ್ತು ಎಂದು ಇವರು ಎರಡು ತಿಂಗಳು ಬರೆದಿಟ್ಟರು. ಹೆಚ್ಚಿನವು ಹೋಗಿದ್ದು ಅಕ್ಕಪಕ್ಕದ ಎರಡೇ ಕಪಾಟುಗಳಿಂದ. ನೋಡಲು ಒಂದೇ ಥರದ ಭಾಗಗಳು, ಕೋಡ್‌ನ ಕೊನೆಯ ಎರಡು ಅಂಕಿ ಮಾತ್ರ ಬೇರೆ. ಒಂದನ್ನು ಉಗ್ರಾಣದ ಇನ್ನೊಂದು ತುದಿಗೆ ಸಾಗಿಸಿದರು, ಆ ಎರಡು ಅಂಕಿಗಳನ್ನು ಲೇಬಲ್ ಮೇಲೆ ದೊಡ್ಡದಾಗಿ ಮುದ್ರಿಸಿದರು. ಕಳೆದ ಆರು ತಿಂಗಳಲ್ಲಿ ಹಾಗೆ ವಾಪಸ್ ಬಂದ ಪೆಟ್ಟಿಗೆಗಳು ಮೂರು.’

ಇದರಲ್ಲಿ ಹೊಗಳಿಕೆಯ ವಿಶೇಷಣ ಒಂದೂ ಇಲ್ಲ. ಎರಡು ತಿಂಗಳು ಬರೆದಿಟ್ಟರು ಎಂದ ಕೂಡಲೇ ಶ್ರದ್ಧೆ ಕೇಳುಗರಿಗೆ ತಾನಾಗಿ ತಿಳಿಯುತ್ತದೆ. ಉದ್ದವೂ ಇಷ್ಟೇ ಇರಲಿ, 50ರಿಂದ 70 ಪದ. ನಿಧಾನವಾಗಿ, ಸ್ಪಷ್ಟವಾಗಿ ಓದಿದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ನಿಮ್ಮ ಮೂರನೆಯ ಕರಡು ಇದರ ಮೂರು ಪಟ್ಟಿದೆ, ಹತ್ತನೆಯದು ಎರಡೇ ಸಾಲು. ಯಾರಿಗೆ ಎಷ್ಟು ಹೇಳಿದರು ಎಂಬುದನ್ನು ಸಭೆ ತಕ್ಷಣ ಗಮನಿಸುತ್ತದೆ. ಕಡಿಮೆ ಪಡೆದವರ ಮನಸ್ಸಿನಲ್ಲಿ ಅದು ಬಹಳ ದಿನ ಉಳಿಯುತ್ತದೆ.

ಸಂಗತಿ ಸಿಕ್ಕಿದ ಮೇಲೂ ಒಂದು ಅಪಾಯ ಇದೆ. 12 ಪತ್ರಗಳೂ ತೊಂದರೆ, ಪರಿಹಾರ, ಅಂಕಿ ಎಂದು ಸಾಗಿದರೆ ನಾಲ್ಕನೆಯದಕ್ಕೇ ಸಭೆಗೆ ಮುಂದಿನ ವಾಕ್ಯ ಗೊತ್ತಾಗಿಬಿಡುತ್ತದೆ. ಪತ್ರ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಆಯಾ ಕೆಲಸವೇ ತೀರ್ಮಾನಿಸಲಿ. ರವಾನೆಯವರದು ಕೆಟ್ಟಿದ್ದನ್ನು ಸರಿಪಡಿಸಿದ ಕೆಲಸ, ಆದ್ದರಿಂದ ಕೆಟ್ಟಿದ್ದರಿಂದಲೇ ಶುರು. ಗ್ರಾಹಕ ಸೇವೆಯವರ ನಮೂನೆಯಲ್ಲಿ ‘ಹೊಸಬರೆಲ್ಲ ಮೊದಲ ವಾರ ಇವರ ಪಕ್ಕದಲ್ಲೇ ಕೂರುತ್ತಾರೆ’ ಎಂದಿದೆ. ಅಲ್ಲಿ ಇವರನ್ನು ಬಿಟ್ಟು ಹೊಸಬರಿಂದ ಶುರು ಮಾಡಿ: ‘ಈ ವರ್ಷ ಸೇರಿದವರನ್ನು ಮೊದಲ ಕರೆ ತೆಗೆದುಕೊಂಡ ದಿನದ ಬಗ್ಗೆ ಕೇಳಿದರೆ ಎಲ್ಲರ ಮಾತಿನಲ್ಲೂ ಪಕ್ಕದ ಕುರ್ಚಿ ಬರುತ್ತದೆ.’ ಖರೀದಿ ವಿಭಾಗದವರು ಒಂದು ಗುತ್ತಿಗೆಗೆ ಸಹಿ ಹಾಕದೆ ತಡೆಹಿಡಿದು, ಷರತ್ತುಗಳನ್ನು ಮತ್ತೆ ಓದಿಸಿದರು ಎಂದಿದೆಯಲ್ಲ, ಅವರ ಪತ್ರ ಆ ತಡೆಹಿಡಿದ ದಿನದಿಂದಲೇ ಶುರುವಾಗಲಿ.

ಕ್ರಿಯಾಪದದ ಕಡೆಗೂ ಗಮನ ಕೊಡಿ. ಗೌರವದ ರೂಪ ಬೇಕೆಂದು ನೀವು ಪ್ರತಿ ವಾಕ್ಯವನ್ನೂ ಹೆಚ್ಚಿಸಿದ್ದಾರೆ, ಸಲ್ಲಿಸಿದ್ದಾರೆ, ತೋರಿಸಿದ್ದಾರೆ, ಪಾತ್ರರಾಗಿದ್ದಾರೆ ಎಂದು ಮುಗಿಸಿದ್ದೀರಿ. ಕಣ್ಣಿನಲ್ಲಿ ಓದುವವರಿಗೆ ಇದು ಅಷ್ಟು ಕಾಣದು. ಧ್ವನಿವರ್ಧಕದಲ್ಲಿ ಕೇಳುವವರಿಗೆ ಪ್ರತಿ ವಾಕ್ಯವೂ ಒಂದೇ ಜಾಗದಲ್ಲಿ ಬಂದು ನಿಂತಂತೆ ಕೇಳಿಸುತ್ತದೆ. ಎಲ್ಲ ಪತ್ರಗಳೂ ಒಂದೇ ಥರ ಎಂದು ನಿಮಗನ್ನಿಸಿದ್ದಕ್ಕೆ ಅರ್ಧ ಕಾರಣ ಇದು. ಮುಗಿದ ಕೆಲಸಕ್ಕೆ ಸರಳವಾಗಿ ಬರೆದಿಟ್ಟರು, ಸಾಗಿಸಿದರು ಎನ್ನಿ. ಇಂದಿಗೂ ನಡೆಯುತ್ತಿರುವುದಕ್ಕೆ ಮಾತ್ರ ‘ಇದ್ದಾರೆ’ ಉಳಿಸಿಕೊಳ್ಳಿ. ಕೆಲವು ವಾಕ್ಯಗಳಲ್ಲಿ ವ್ಯಕ್ತಿ ಕರ್ತೃವಾಗದಿರಲಿ. ಪೆಟ್ಟಿಗೆಗಳು ವಾಪಸ್ ಬರುತ್ತಿದ್ದವು ಎಂದಾಗ ವಾಕ್ಯದ ಕೊನೆಯ ದನಿ ಬದಲಾಗುತ್ತದೆ, ಗೌರವಕ್ಕೂ ಕುಂದಿಲ್ಲ.

ವೇತನ ವಿಭಾಗದವರ ನಮೂನೆ ನಿಮ್ಮನ್ನು ನಿಜವಾಗಿ ಕಷ್ಟಕ್ಕೆ ಸಿಕ್ಕಿಸಿದೆ. ಅಲ್ಲಿ ಇರುವುದು ‘ಎಲ್ಲ ಸರಿಯಾಗಿ ನಡೆಯುತ್ತದೆ, ದೂರುಗಳಿಲ್ಲ’ ಎಂಬ ಒಂದೇ ಸಾಲು. ಘಟನೆ ಇಲ್ಲದಿದ್ದಾಗ ನೀವು ಗುಣಕ್ಕೆ ಮರಳಿ ‘ಮಿತಭಾಷಿ, ಸ್ನೇಹಜೀವಿ, ಅಜಾತಶತ್ರು’ ಎಂದು ಬರೆದಿದ್ದೀರಿ. ಏನೂ ಕೆಡದಂತೆ ನೋಡಿಕೊಳ್ಳುವವರ ಕೆಲಸಕ್ಕೆ ಘಟನೆ ಇರುವುದಿಲ್ಲ, ಅಭ್ಯಾಸ ಇರುತ್ತದೆ. ಆದ್ದರಿಂದ ಬೇರೆ ಪ್ರಶ್ನೆಗಳನ್ನು ಕೇಳಬೇಕು. ಇವರು ರಜೆ ಹಾಕಿದ ವಾರ ಏನು ನಿಂತಿತು, ಯಾರು ಯಾವ ಪ್ರಶ್ನೆ ಹಿಡಿದು ಇವರನ್ನು ಹುಡುಕಿಕೊಂಡು ಬಂದರು? ಯಾರೂ ಹೇಳದಿದ್ದರೂ ಪ್ರತಿ ತಿಂಗಳು ಇವರು ಮಾಡುವ ಕೆಲಸ ಯಾವುದು? ಸಿಗುವ ಉತ್ತರ ಹೀಗಿರಬಹುದು: ಸಂಬಳ ಜಮೆಯಾಗುವ ಮುಂಚೆ ಈ ತಿಂಗಳ ಪಟ್ಟಿಯನ್ನು ಕಳೆದ ತಿಂಗಳದರ ಜೊತೆ ಹೋಲಿಸುತ್ತಾರೆ, ಯಾರ ಮೊತ್ತ ಕಡಿಮೆಯಾಗಿದೆಯೋ ಅವರಿಗೆ ತಾವೇ ಕರೆ ಮಾಡಿ ಕಾರಣ ಹೇಳುತ್ತಾರೆ. ಆಗ ಪತ್ರ ಹೀಗೆ ಶುರುವಾಗಬಹುದು: ‘ಸಂಬಳದಲ್ಲಿ ವ್ಯತ್ಯಾಸವಿದ್ದರೆ ನಮಗೆ ಅದು ಬ್ಯಾಂಕಿನ ಸಂದೇಶದಿಂದ ತಿಳಿಯುವುದಿಲ್ಲ, ಅದಕ್ಕೂ ಮುಂಚೆ ಇವರ ಕರೆ ಬಂದಿರುತ್ತದೆ.’ ಕರೆ ಬಂದವರು ಸಭೆಯಲ್ಲೇ ಇರುತ್ತಾರೆ, ಅವರ ಚಪ್ಪಾಳೆ ಬೇರೆಯೇ ಇರುತ್ತದೆ.

ಸಂಗತಿ ಬರೆಯುವಾಗ ಕೈ ಬಿಗಿಹಿಡಿಯಬೇಕಾದ ಜಾಗಗಳೂ ಇವೆ. ‘ಇವರೊಬ್ಬರಿಂದಲೇ ಸಾಧ್ಯವಾಯಿತು’ ಎಂದು ನಿಮ್ಮ ಆರನೆಯ ಕರಡಿನಲ್ಲಿದೆ, ನಮೂನೆಯಲ್ಲಿ ನೋಡಿದರೆ ತಂಡದಲ್ಲಿ ನಾಲ್ವರಿದ್ದಾರೆ. ಉಳಿದ ಮೂವರು ಅದೇ ಸಭಾಂಗಣದಲ್ಲಿ ಕುಳಿತಿರುತ್ತಾರೆ. ನಾಲ್ವರ ಕೆಲಸದಲ್ಲಿ ಇವರ ಪಾಲು ಯಾವುದೋ ಅದನ್ನು ಮಾತ್ರ ಹೇಳಿ, ಹೊಗಳಿಕೆ ಅದರಿಂದ ಗಟ್ಟಿಯಾಗುತ್ತದೆ. ಏಳನೆಯದರಲ್ಲಿ ಹಿಂದಿನವರು ಕಡತಗಳನ್ನು ಕೆಡಿಸಿಟ್ಟಿದ್ದರು ಎಂಬ ಮಾತು ಬೇಡ. ‘ಕಡತಗಳು ಮೂರು ಕಡೆ ಹಂಚಿಹೋಗಿದ್ದವು’ ಎಂದರೆ ಕಷ್ಟವೂ ತಿಳಿಯುತ್ತದೆ, ಯಾರ ಮೇಲೂ ಬೆರಳು ಹೋಗುವುದಿಲ್ಲ. ಒಂಬತ್ತನೆಯದರಲ್ಲಿ ಮನೆಯವರ ಅನಾರೋಗ್ಯದ ಪ್ರಸ್ತಾಪವಿದೆ. ಸ್ವತಃ ಅವರು ಒಪ್ಪಿದ ಹೊರತು ಅದನ್ನು ವೇದಿಕೆಗೆ ತರಬೇಡಿ. ಅವರ ಕೆಲಸ ಆ ಸಾಲಿಲ್ಲದೆಯೂ ನಿಲ್ಲುತ್ತದೆ. ಇನ್ನು ಅಂಕಿಗಳು: ಮುಖ್ಯಸ್ಥರು ಒಂದು ಹೇಳಿ ಸಹೋದ್ಯೋಗಿ ಇನ್ನೊಂದು ಹೇಳಿದರೆ ದಾಖಲೆ ನೋಡಿ. ದಾಖಲೆ ಇಲ್ಲದಿದ್ದರೆ ‘ಸುಮಾರು’ ಎನ್ನಿ, ಅಥವಾ ಅಂಕಿಯನ್ನೇ ಬಿಡಿ.

ಹೆಸರನ್ನು ಕೊನೆಯವರೆಗೆ ಬಚ್ಚಿಟ್ಟು ಕುತೂಹಲ ಹುಟ್ಟಿಸುವ ನಿಮ್ಮ ತಂತ್ರವನ್ನು ಕೈಬಿಡಿ. ಒಬ್ಬರಿಗೆ ಮಾಡಿದರೆ ಚೆಂದ, 12 ಸಲ ಮಾಡಿದರೆ ಅದೇ ಪುನರಾವರ್ತನೆಯಾಗುತ್ತದೆ. ಹಿಂದಿನ ಪರದೆಯ ಮೇಲೆ ಫೋಟೊ ಬಂದಿದ್ದರೆ ಬಚ್ಚಿಟ್ಟದ್ದಕ್ಕೆ ಅರ್ಥವೂ ಇರುವುದಿಲ್ಲ. ‘ಎಲ್ಲರಿಗೂ ಮಾದರಿ’, ‘ಮುಂದಿನ ದಿನಗಳಿಗೆ ಶುಭ ಹಾರೈಸುತ್ತೇವೆ’ ಎಂಬ ಮುಕ್ತಾಯಗಳನ್ನು ಎಲ್ಲ ಪತ್ರಗಳಿಂದಲೂ ತೆಗೆಯಿರಿ. ಹಾರೈಕೆಯನ್ನು ನಿರೂಪಕರು ಕೊನೆಯಲ್ಲಿ ಎಲ್ಲರಿಗೂ ಸೇರಿಸಿ ಒಮ್ಮೆ ಹೇಳಲಿ.

ಬರೆದಾದ ಮೇಲೆ 12 ಪತ್ರಗಳ ಮೊದಲ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು ಗಟ್ಟಿಯಾಗಿ ಓದಿ, ಕೊನೆಯ ವಾಕ್ಯಗಳನ್ನೂ ಹಾಗೆಯೇ. ಹೋಲುವ ಎರಡು ಸಿಕ್ಕರೆ ಒಂದನ್ನು ತಿದ್ದಿ. ತಿದ್ದಲಾಗದಿದ್ದರೆ ಓದುವ ಕ್ರಮದಲ್ಲಿ ಅವೆರಡನ್ನು ದೂರ ಇಡಿ. ನಂತರ ಹೆಸರು, ಹುದ್ದೆ, ವಿಭಾಗ ಮುಚ್ಚಿ ಪ್ರತಿ ಪತ್ರವನ್ನೂ ಆಯಾ ವಿಭಾಗದ ಒಬ್ಬರಿಗೆ ಓದಿ ಹೇಳಿ. ‘ಇದು ಅವರೇ’ ಎಂಬ ಉತ್ತರ ತಡವರಿಸದೆ ಬಂದರೆ ಪತ್ರ ಸಿದ್ಧ. ‘ಯಾರಿರಬಹುದು?’ ಎಂದು ಯೋಚಿಸಿದರೆ ಇನ್ನೊಂದು ಫೋನ್ ಕರೆ ಬಾಕಿ ಇದೆ.

ರವಾನೆ, ಗ್ರಾಹಕ ಸೇವೆ, ಖರೀದಿ, ಈ ಮೂರು ವಿಭಾಗಗಳ ನಮೂನೆಗಳಲ್ಲಿ ಸಾಮಗ್ರಿ ಈಗಾಗಲೇ ಇದೆ, ಅವನ್ನು ಮೊದಲು ಬರೆಯಿರಿ. ವೇತನ ವಿಭಾಗದ ಜೊತೆ ಎರಡನೆಯ ಮತ್ತು ಹನ್ನೊಂದನೆಯ ನಮೂನೆಗಳೂ ಬರಿದಾಗಿವೆ, ಆ ಮೂವರ ಸಹೋದ್ಯೋಗಿಗಳಿಗೆ ಈ ವಾರವೇ ಕರೆ ಮಾಡಿ. ಹೊಸ ಕರಡುಗಳ ಜೊತೆ ಕರೆಯಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನೂ ಕಳುಹಿಸಿ. ಈ ಸಲ ನಾನು ಮೊದಲು ಓದುವುದು ಟಿಪ್ಪಣಿಗಳನ್ನೇ.